ಮ್ಯಾನೇಜರ್ ಕೆಟ್ಟದಾಗಿ ಹೇಳಿದರೆ?

ಪ್ರಶ್ನೆ: ನನ್ನ ಮ್ಯಾನೇಜರ್‌ಗೆ ನನ್ನನ್ನು ಕಂಡರಾಗದು. ಬೇರೆ ಕಂಪನಿಗೆ ಅರ್ಜಿ ಹಾಕಿದರೆ ಅಲ್ಲಿಗೆ ನನ್ನ ಬಗ್ಗೆ ಕೆಟ್ಟದಾಗಿ ಹೇಳಿಬಿಡಬಹುದೇ?

ಉತ್ತರ: ಹೇಳಬಹುದು, ಆದರೆ ಕೇಳುವವರು ಯಾರು ಅನ್ನುವುದನ್ನು ಮೊದಲು ನೋಡಿ. ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳು ಹಿನ್ನೆಲೆ ಪರಿಶೀಲನೆಯನ್ನು ಸಾಮಾನ್ಯವಾಗಿ ಹೊರಗಿನ ಏಜೆನ್ಸಿಗೆ ಒಪ್ಪಿಸುತ್ತವೆ. ಏಜೆನ್ಸಿಯವರು ಹೆಚ್ಚಾಗಿ ಬರೆಯುವುದು ಎಚ್‌ಆರ್‌ಗೆ. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಕೆಲವೊಮ್ಮೆ ಸಂಬಳ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ ಎಂಬ ಒಂದು ಪ್ರಶ್ನೆ, ಇಷ್ಟೇ. ಅರ್ಜಿಯಲ್ಲಿ 'ಈಗಿನ ಕಂಪನಿಯನ್ನು ಈಗಲೇ ಸಂಪರ್ಕಿಸಬೇಡಿ' ಎಂಬ ಆಯ್ಕೆಯಿದ್ದರೆ ಗುರುತು ಹಾಕಿ.

ಮೇಲಧಿಕಾರಿಯ ಹೆಸರನ್ನೇ ಕೇಳಿದರೆ, ಹಿಂದಿನ ಮ್ಯಾನೇಜರ್ ಅಥವಾ ನಿಮ್ಮ ಕೆಲಸ ಕಂಡ ಬೇರೆ ತಂಡದ ಲೀಡ್ ಹೆಸರು ಕೊಡಿ, ಅವರನ್ನು ಮೊದಲೇ ಕೇಳಿಕೊಂಡು. ಈಗಿನವರೇ ಬೇಕೆಂದರೆ, 'ನಮ್ಮಿಬ್ಬರ ಕೆಲಸದ ರೀತಿ ಬೇರೆ' ಎಂದು ಒಂದೇ ವಾಕ್ಯ ಹೇಳಿ ನಿಲ್ಲಿಸಿ. ದೂರು ಬಿಚ್ಚಿದರೆ ಅನುಮಾನ ನಿಮ್ಮ ಮೇಲೆಯೇ ಬೀಳುತ್ತದೆ.

ನನ್ನ ಪ್ರಕಾರ ನಿಜವಾದ ಅಪಾಯ ಬೇರೆ ಕಡೆ ಇದೆ. ಮ್ಯಾನೇಜರ್ ರಾಜೀನಾಮೆಯನ್ನು ಒಪ್ಪದೆ ಎಳೆದಾಡಿ, 'ಹೇಳದೆ ಕೆಲಸ ಬಿಟ್ಟರು' ಎಂದು ದಾಖಲಿಸಿದರೆ ರಿಲೀವಿಂಗ್ ಲೆಟರ್ ಸಿಗುವುದು ಕಷ್ಟ. ಹಾಗಾಗಿ ರಾಜೀನಾಮೆ ಬಾಯಿಮಾತಲ್ಲಿ ಬೇಡ. ಕೊನೆಯ ದಿನಾಂಕ ನಮೂದಿಸಿ ಇಮೇಲ್ ಮಾಡಿ, ಎಚ್‌ಆರ್‌ಗೂ ಪ್ರತಿ ಹಾಕಿ. ನೋಟಿಸ್ ಅವಧಿ ಪೂರ್ತಿ ಮಾಡಿ, ಲ್ಯಾಪ್‌ಟಾಪ್ ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ. ಆಫೀಸಿನ ಇಮೇಲ್ ಸಾಮಾನ್ಯವಾಗಿ ಕೊನೆಯ ದಿನವೇ ಮುಚ್ಚಿಹೋಗುತ್ತದೆ. ಸಂಬಳದ ಚೀಟಿ, ನೇಮಕಾತಿ ಪತ್ರ, ರಾಜೀನಾಮೆಯ ಪ್ರತಿ ಅದಕ್ಕೂ ಮೊದಲು ನಿಮ್ಮ ಕೈಯಲ್ಲಿರಲಿ. ರಿಲೀವಿಂಗ್ ಲೆಟರ್ ತಡವಾದರೂ ಪಿಎಫ್ ಖಾತೆಯ ಸೇವಾ ವಿವರದಲ್ಲಿ ನೀವು ಎಲ್ಲಿ ದುಡಿದಿರಿ ಎಂಬುದು ಕಾಣುತ್ತದೆ.