ಶಿಲ್ಕೇ ಸಾಕ್ಷಿ

ಮಹಿಳಾ ಸ್ವಸಹಾಯ ಸಂಘವೊಂದರ ಕಾರ್ಯದರ್ಶಿ ತಮ್ಮ ಪಾಸ್‌ಬುಕ್ಕಿನ ಒಂದು ಪುಟದ ಫೋಟೋ ಕಳಿಸಿದ್ದರು. ಆಡಿಟ್‌ಗೆ ವರ್ಷದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಕೊಡಬೇಕಿತ್ತು. "ಫೋನೇ ಓದಿ ಬರೆದುಕೊಟ್ಟಿದೆ ಸರ್, ಆದ್ರೆ ಎಲ್ಲೋ ತಪ್ಪಿದೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ," ಎಂದರು. ಫೋಟೋದಿಂದ ಅಂಕಿ ಓದುವ ಸೌಲಭ್ಯ ಈಗ ಹೆಚ್ಚಿನ ಫೋನ್‌ಗಳಲ್ಲಿದೆ. ಎಕ್ಸೆಲ್‌ನ ಮೊಬೈಲ್ ಆ್ಯಪ್‌ನಲ್ಲಿ `Data from Picture` ಒತ್ತಿದರೆ ಚಿತ್ರದಲ್ಲಿರುವ ಕೋಷ್ಟಕವೇ ಸಾಲುಸಾಲಾಗಿ ಬಂದು ಕೂರುತ್ತದೆ. ಹಾಗೆ ಬಂದು ಕೂತ ಅಂಕಿಗಳಲ್ಲಿ ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು ಎಂದು ತಿಳಿಯುವುದೇ ನಿಜವಾದ ಕೆಲಸ.

ಬಸ್ ಟಿಕೆಟ್‌ನಲ್ಲೋ ಔಷಧಿ ಬಿಲ್ಲಿನಲ್ಲೋ ಸಿಗದ ಒಂದು ಅನುಕೂಲ ಪಾಸ್‌ಬುಕ್ಕಿನಲ್ಲಿದೆ. ಇಲ್ಲಿ ಪ್ರತಿ ವ್ಯವಹಾರವೂ ಎರಡು ಸಲ ದಾಖಲಾಗಿರುತ್ತದೆ. ಒಮ್ಮೆ ಡೆಬಿಟ್ ಅಥವಾ ಕ್ರೆಡಿಟ್ ಕಾಲಂನಲ್ಲಿ ಮೊತ್ತವಾಗಿ, ಇನ್ನೊಮ್ಮೆ ಬಲತುದಿಯ ಶಿಲ್ಕಿನಲ್ಲಿ ಆದ ಬದಲಾವಣೆಯಾಗಿ. ಹಿಂದಿನ ಸಾಲಿನ ಶಿಲ್ಕಿಗೆ ಜಮಾ ಕೂಡಿಸಿ, ತೆಗೆದದ್ದನ್ನು ಕಳೆದರೆ ಈ ಸಾಲಿನ ಶಿಲ್ಕು ಬರಲೇಬೇಕು. ಹೀಗಾಗಿ ಫೋನ್ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ಪಕ್ಕದ ಅಂಕಿಗಳೇ ಅದನ್ನು ಹಿಡಿದುಕೊಡುತ್ತವೆ.

ಆದರೆ ಈ ಅನುಕೂಲವನ್ನು ನಾವೇ ಕೈಯಾರೆ ಕಳೆದುಕೊಳ್ಳುವುದುಂಟು. ಎಕ್ಸೆಲ್ ಬಲ್ಲವರು ಮೊತ್ತಗಳನ್ನಷ್ಟೇ ಇಟ್ಟುಕೊಂಡು ಶಿಲ್ಕಿನ ಕಾಲಂಗೆ ಸೂತ್ರ ಹಾಕಿ ಎಳೆದುಬಿಡುತ್ತಾರೆ. ಹಾಳೆ ನೋಡಲು ಅಚ್ಚುಕಟ್ಟಾಗಿರುತ್ತದೆ, ಪ್ರತಿ ಸಾಲೂ ತಾಳೆಯಾಗುತ್ತದೆ. ಆಗದೆ ಏನು? ಶಿಲ್ಕನ್ನು ಆ ಮೊತ್ತಗಳಿಂದಲೇ ಹುಟ್ಟಿಸಿದ್ದೇವಲ್ಲ! ಬ್ಯಾಂಕ್ ಮುದ್ರಿಸಿದ ಶಿಲ್ಕನ್ನು ಅಳಿಸುವುದೆಂದರೆ ಇದ್ದ ಒಬ್ಬ ಸಾಕ್ಷಿಯನ್ನೂ ಆಚೆ ಕಳಿಸಿದಂತೆ. ಮುದ್ರಿತ ಶಿಲ್ಕನ್ನು ಇದ್ದಂತೆಯೇ ಒಂದು ಕಾಲಂನಲ್ಲಿ ಬಿಡಬೇಕು. ಲೆಕ್ಕ ಏನಿದ್ದರೂ ಅದರ ಪಕ್ಕದ ಬೇರೆ ಕಾಲಂನಲ್ಲಿ.

ಫೋಟೋದ ಬಗ್ಗೆ ಎರಡು ಮಾತು. ಪಾಸ್‌ಬುಕ್ಕನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಬಿಡಿಸಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆಯಬೇಕು. ನಡುವಿನ ಮಡಿಕೆಯ ಹತ್ತಿರದ ಸಾಲುಗಳು ಬಾಗಿದರೆ ಒಂದು ಸಾಲಿನ ಮೊತ್ತ ಇನ್ನೊಂದು ಸಾಲಿನ ಶಿಲ್ಕಿನ ಜೊತೆ ಸೇರಿಹೋಗುತ್ತದೆ. ಪುಟದ ಮೇಲ್ತುದಿಯಲ್ಲಿ ಬಿ/ಎಫ್ ಎಂದು ಮುದ್ರಿಸಿರುವ, ಹಿಂದಿನ ಪುಟದಿಂದ ತಂದ ಶಿಲ್ಕು ಚಿತ್ರದೊಳಗೆ ಇರಲೇಬೇಕು. ಅದಿಲ್ಲದಿದ್ದರೆ ಮೊದಲ ಸಾಲನ್ನು ಯಾವುದರ ಜೊತೆ ತಾಳೆ ನೋಡುವುದು? ಖಾತೆ ಸಂಖ್ಯೆ ಇರುವ ಭಾಗವನ್ನು ಮಾತ್ರ ಕತ್ತರಿಸಿ ಆಮೇಲೆ ಕಳಿಸಿ.

ಕಾರ್ಯದರ್ಶಿಯವರ ಹಾಳೆ ಹೀಗಿತ್ತು. ಕೊನೆಯ ಕಾಲಂ ನಾನು ಸೇರಿಸಿದ್ದು.

| ದಿನಾಂಕ | ವಿವರ | ಡೆಬಿಟ್ | ಕ್ರೆಡಿಟ್ | ಶಿಲ್ಕು | ವ್ಯತ್ಯಾಸ |
|---|---|---|---|---|---|
| | ಬಿ/ಎಫ್ | | | 12,480.50 | |
| 03-07-2024 | ನಗದು ಜಮಾ | | 1,600.00 | 14,080.50 | 0 |
| 08-07-2024 | ವರ್ಗಾವಣೆ | 350.00 | | 18,730.50 | 5,000.00 |
| 12-07-2024 | ಚೆಕ್ | 4,200.00 | | 9,530.50 | −5,000.00 |
| 18-07-2024 | ನಗದು ಜಮಾ | 1,600.00 | | 11,130.50 | 3,200.00 |
| 24-07-2024 | ವರ್ಗಾವಣೆ | | 3,360.00 | 14,990.50 | 500.00 |
| 01-08-2024 | ನಗದು ಜಮಾ | | 1,600.00 | 16,572.80 | −17.70 |
| 05-08-2024 | ನಗದು ಪಾವತಿ | 2,500.00 | | 14,072.80 | 0 |

ವ್ಯತ್ಯಾಸ ಎಂದರೆ ಮುದ್ರಿತ ಶಿಲ್ಕಿನಿಂದ, ಬರಬೇಕಿದ್ದ ಶಿಲ್ಕನ್ನು ಕಳೆದದ್ದು. ಇಲ್ಲಿರುವಂತೆ ದಿನಾಂಕದಿಂದ ಶಿಲ್ಕಿನವರೆಗೆ ಎ ಯಿಂದ ಇ ವರೆಗಿನ ಕಾಲಂಗಳಾಗಿ, ಎರಡನೆಯ ಸಾಲಿನಲ್ಲಿ ಬಿ/ಎಫ್ ಇದ್ದರೆ, ಮೂರನೆಯ ಸಾಲಿನಿಂದ ಎಫ್ ಕಾಲಂಗೆ ಈ ಸೂತ್ರ ಹಾಕಿ ಕೆಳಗೆ ಎಳೆದರಾಯಿತು:

```
=ROUND(E3-(E2-C3+D3),2)
```

`ROUND` ಸುಮ್ಮನೆ ಹಾಕಿದ್ದಲ್ಲ. ಕಂಪ್ಯೂಟರು 17.70ರಂಥ ದಶಮಾಂಶವನ್ನು ಎರಡರ ಘಾತಗಳಲ್ಲಿ ಬರೆದಿಡುವುದರಿಂದ ಅದು ಪೂರ್ತಿ ಕರಾರುವಾಕ್ಕಾಗಿ ಕೂರುವುದಿಲ್ಲ. ಸರಿಯಾದ ಸಾಲಿನಲ್ಲೂ ಸೊನ್ನೆಯ ಬದಲು ಪೈಸೆಯ ಕೋಟಿಯಲ್ಲೊಂದು ಪಾಲಿನಷ್ಟು ಧೂಳು ಉಳಿದೀತು. ಸೂತ್ರದ ಜಾಗದಲ್ಲಿ `#VALUE!` ಕಂಡರೆ ಆ ಸಾಲಿನಲ್ಲೋ ಅದರ ಮೇಲಿನ ಶಿಲ್ಕಿನಲ್ಲೋ ಸೊನ್ನೆಯ ಬದಲು ಇಂಗ್ಲಿಷಿನ 'ಒ' ಅಕ್ಷರ ಬಂದಿದೆ, ಇಲ್ಲವೇ ಶಿಲ್ಕಿನ ಹಿಂದಿನ `Cr` ಅಂಟಿಕೊಂಡಿದೆ ಎಂದು ತಿಳಿಯಬೇಕು. `Cr` ತೆಗೆದುಹಾಕಬಹುದು. ಆದರೆ ಶಿಲ್ಕಿನ ಮುಂದೆ `Dr` ಇದ್ದರೆ ಖಾತೆಯಲ್ಲಿ ನಾವು ಬ್ಯಾಂಕಿಗೇ ಕೊಡಬೇಕಾದ ಹಣವಿದೆ ಎಂದರ್ಥ. ಅದನ್ನು ತೆಗೆಯುವಾಗ ಅಂಕಿಯ ಹಿಂದೆ ಋಣ ಚಿಹ್ನೆ ಸೇರಿಸದಿದ್ದರೆ ಅಲ್ಲಿಂದ ಲೆಕ್ಕ ಬುಡಮೇಲು.

ಈಗ ವ್ಯತ್ಯಾಸದ ಕಾಲಂ ನೋಡಿ. ಏಳು ಸಾಲುಗಳಲ್ಲಿ ಐದು ತಾಳೆಯಾಗಿಲ್ಲ. ಕಾರ್ಯದರ್ಶಿಯವರು ಗಾಬರಿಯಾದದ್ದು ಇದಕ್ಕೇ. ಆದರೆ ತಪ್ಪುಗಳು ಐದಲ್ಲ, ನಾಲ್ಕು. ಒಂದೊಂದೂ ತನ್ನ ಗುರುತು ಬಿಟ್ಟುಹೋಗಿದೆ.

ಜುಲೈ 8ರಲ್ಲಿ 5,000 ಹೆಚ್ಚು, 12ರಲ್ಲಿ ಸರಿಯಾಗಿ ಅಷ್ಟೇ ಕಡಿಮೆ. ಒಂದರ ಹಿಂದೊಂದು ಬರುವ ಎರಡು ಸಾಲುಗಳಲ್ಲಿ ಒಂದೇ ಮೊತ್ತ, ಒಮ್ಮೆ ಧನ ಒಮ್ಮೆ ಋಣವಾಗಿ ಕಂಡರೆ ಮೊದಲು ನೋಡಬೇಕಾದದ್ದು ಎರಡರ ನಡುವಿನ ಶಿಲ್ಕು, ಅಂದರೆ ಮೇಲಿನ ಸಾಲಿನದು. ಆ ಒಂದು ಶಿಲ್ಕು ಎರಡು ಲೆಕ್ಕಗಳಲ್ಲಿ ಬರುತ್ತದೆ. ಮೇಲಿನ ಸಾಲಿಗೆ ಅದು ಉತ್ತರ, ಕೆಳಗಿನ ಸಾಲಿಗೆ ಅದೇ ಆರಂಭ. ಉತ್ತರವಾಗಿ ಎಷ್ಟು ಹೆಚ್ಚಿತೋ ಆರಂಭವಾಗಿ ಅಷ್ಟೇ ಏರುಪೇರು ಮಾಡುತ್ತದೆ. ಮೊತ್ತ ತಪ್ಪಿದ್ದರೆ ಹೀಗಾಗುವುದಿಲ್ಲ, ಒಂದು ಮೊತ್ತ ಒಂದೇ ಸಾಲಿನಲ್ಲಿ ಬರುತ್ತದೆ. 18,730.50ರಿಂದ 5,000 ತೆಗೆದರೆ 13,730.50. ಫೋಟೋ ದೊಡ್ಡದು ಮಾಡಿ ನೋಡಿದೆ. ರಿಬ್ಬನ್ನಿನ ಮಸಿ ಹರಡಿ 3ರ ಎಡಬದಿ ಮುಚ್ಚಿಕೊಂಡಿತ್ತು, ಫೋನ್ ಅದನ್ನು 8 ಎಂದು ಓದಿತ್ತು.

ವ್ಯತ್ಯಾಸ 5,000, 500, 60 ಹೀಗೆ ಒಂದೇ ಅಂಕಿ ಮತ್ತು ಸೊನ್ನೆಗಳಿಂದ ಆಗಿದ್ದರೆ ಒಂದು ಅಂಕಿಯನ್ನಷ್ಟೇ ತಪ್ಪಾಗಿ ಓದಿರುವ ಸಂಭವ ಹೆಚ್ಚು. ಅದು ಯಾವ ಸ್ಥಾನದಲ್ಲಿದೆ ಎಂಬುದನ್ನೂ ಸೊನ್ನೆಗಳೇ ಹೇಳುತ್ತವೆ. 3 ಮತ್ತು 8 ಅದಲುಬದಲಾದರೆ ಐದರ ವ್ಯತ್ಯಾಸ, 1 ಮತ್ತು 7 ಆದರೆ ಆರರದು. ಜುಲೈ 24ರ 500 ಇದೇ ಜಾತಿಯದು. ಆದರೆ ಅಲ್ಲಿ ಮುಂದಿನ ಸಾಲಿನಲ್ಲಿ ಋಣ 500 ಇಲ್ಲ. ಹಾಗಾಗಿ ಶಿಲ್ಕು ಸರಿ, ತಪ್ಪು ಮೊತ್ತದಲ್ಲಿ. 3,360ಕ್ಕೆ 500 ಸೇರಿಸಿದರೆ 3,860. ಚಿತ್ರದಲ್ಲಿ ಹುಡುಕಿದರೆ ನೂರರ ಸ್ಥಾನದಲ್ಲಿ ಎಡಬದಿ ಮಾಸಿದ 8 ಕಂಡಿತು. ಮೊದಲನೆಯದರ ತದ್ವಿರುದ್ಧ.

ಜುಲೈ 18ರ 3,200 ಎಲ್ಲಿಂದ ಬಂತು? ಅದು ಆ ಸಾಲಿನ 1,600ರ ಸರಿಯಾಗಿ ಎರಡರಷ್ಟು. ಜಮಾ ಆದದ್ದು ಡೆಬಿಟ್ ಕಾಲಂಗೆ ಸರಿದಾಗ ಹೀಗಾಗುತ್ತದೆ. ಕೂಡಬೇಕಾದ್ದನ್ನು ಕಳೆದರೆ ಮೊತ್ತ ಒಮ್ಮೆ ಬರಲಿಲ್ಲ, ಮೇಲಿಂದ ಇನ್ನೊಮ್ಮೆ ಹೋಯಿತು. ಪಾಸ್‌ಬುಕ್ ಪ್ರಿಂಟರಿನಲ್ಲಿ ಪುಸ್ತಕ ಸ್ವಲ್ಪ ಓರೆಯಾಗಿ ಕೂತರೂ ಅಂಕಿಗಳು ಗೆರೆ ದಾಟುತ್ತವೆ. ವ್ಯತ್ಯಾಸವನ್ನು ಎರಡರಿಂದ ಭಾಗಿಸಿ, ಅದೇ ಸಾಲಿನ ಮೊತ್ತ ಬಂದರೆ ಕಾಲಂ ಬದಲಿಸಿ. ಅಷ್ಟೇ.

ಫೋನ್ ಬಿಟ್ಟು ಕೈಯಲ್ಲಿ ಟೈಪ್ ಮಾಡುವವರಿಗೆ ಹಳೆಯ ಗುಮಾಸ್ತರ ಇನ್ನೊಂದು ಉಪಾಯ ನೆನಪಿರಲಿ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿವೆಯೇ ನೋಡಿ. 4,200 ಹೋಗಿ 2,400 ಆದರೆ 1,800 ಎದ್ದು ಬರುತ್ತದೆ. ಇದು ಬೆರಳಿನ ತಪ್ಪು. ಕ್ಯಾಮೆರಾ ಆಕಾರ ನೋಡಿ ಎಡವುತ್ತದೆ, ಅಂಕಿಗಳ ಜಾಗ ಬದಲಿಸುವುದು ಅಪರೂಪ.

ಉಳಿದದ್ದು ಆಗಸ್ಟ್ 1ರ 17 ರೂಪಾಯಿ 70 ಪೈಸೆ. ಆ ಸಾಲಿನಲ್ಲಿರುವ 1,600ಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮುಂದಿನ ಸಾಲು ತಾಳೆಯಾಗಿರುವುದರಿಂದ ಶಿಲ್ಕನ್ನೂ ಅನುಮಾನಿಸುವಂತಿಲ್ಲ. ಇಂಥ ಕಡೆ ಯೋಚಿಸಬೇಕಾದದ್ದು ಇರುವ ಸಾಲನ್ನಲ್ಲ, ಇಲ್ಲದ ಸಾಲನ್ನು. ನಡುವೆ ಒಂದು ಸಾಲು ಬಿಟ್ಟುಹೋದರೆ ಅದರ ಮೊತ್ತವೇ ವ್ಯತ್ಯಾಸವಾಗಿ ಉಳಿಯುತ್ತದೆ. 15 ರೂಪಾಯಿಗೆ ಶೇ 18 ಜಿಎಸ್‌ಟಿ ಸೇರಿಸಿದರೆ 17.70. ಎಸ್‌ಎಂಎಸ್ ಶುಲ್ಕ ಇರಬಹುದೆನಿಸಿತು. ಆದರೆ ಅನಿಸಿದ್ದನ್ನು ಬರೆದು ಸೇರಿಸಲಿಲ್ಲ. ಫೋಟೋದಲ್ಲಿ 24 ಮತ್ತು 1ನೇ ತಾರೀಖಿನ ಸಾಲುಗಳ ನಡುವೆ ಹುಡುಕಿದಾಗ, ಹಿಂದಿನ ಸಾಲಿಗೆ ತಗುಲಿದಂತೆ ಅಚ್ಚಾದ ಮಸುಕು ಸಾಲೊಂದು ಸಿಕ್ಕಿತು: 30-07-2024, ಶುಲ್ಕ, 17.70, ಶಿಲ್ಕು 14,972.80. ಎರಡು ಸಾಲು ಒಂದರ ಮೇಲೊಂದು ಬಿದ್ದದ್ದರಿಂದ ಫೋನ್ ಒಂದನ್ನೇ ಕಂಡಿತ್ತು.

ಸಿಗದೇ ಹೋಗಿದ್ದರೆ? ಆಗ ಲೆಕ್ಕ ಸರಿಹೋಗಲೆಂದು 17.70ರ ಸಾಲನ್ನು ನಾವೇ ಹುಟ್ಟಿಸಬಾರದು. ಆ ಎರಡು ದಿನಾಂಕಗಳ ನಡುವಿನ ಸ್ಟೇಟ್‌ಮೆಂಟ್ ಕೊಡಿ ಎಂದು ಶಾಖೆಯಲ್ಲಿ ಕೇಳಬೇಕು. ಬರುವವರೆಗೆ ಆ ಸಾಲಿನ ಎದುರು "ತಾಳೆಯಿಲ್ಲ" ಎಂದೇ ಬರೆದಿಡಬೇಕು. ಬಿಟ್ಟುಹೋದದ್ದು ಒಂದೇ ಸಾಲೋ, ಎರಡು ಮೂರು ಸೇರಿ ಅಷ್ಟಾಯಿತೋ, ವ್ಯತ್ಯಾಸ ಅದನ್ನು ಹೇಳುವುದಿಲ್ಲ. ಪುಟದ ಕೊನೆಯ ಸಾಲಿಗೂ ಹೀಗೊಂದು ಮಿತಿಯಿದೆ. ಅಲ್ಲಿ ತಪ್ಪಿದ್ದರೆ ಮೊತ್ತದ್ದೋ ಶಿಲ್ಕಿನದ್ದೋ ಹೇಳಲು ಕೆಳಗೆ ಇನ್ನೊಂದು ಸಾಲಿಲ್ಲ, ಮುಂದಿನ ಪುಟ ಬೇಕು.

ತಾರೀಖಿನ ವಿಷಯದಲ್ಲಂತೂ ಶಿಲ್ಕು ಏನೂ ಹೇಳಲಾರದು. ತಾರೀಖುಗಳು ಮೇಲಿಂದ ಕೆಳಗೆ ಏರುತ್ತಾ ಹೋಗಿವೆಯೇ ಎಂದು ನೋಡಬಹುದು. ಆಗಸ್ಟ್ 1 ಹೋಗಿ 7 ಆಗಿದ್ದರೆ ಮುಂದಿನ 5 ಅದನ್ನು ಬಯಲು ಮಾಡುತ್ತಿತ್ತು. ಆದರೆ ಮೊದಲ ಸಾಲಿನ 03-07 ಎಂಬುದನ್ನು ಫೋನ್ 08-07 ಎಂದು ಓದಿದ್ದರೆ? ಮುಂದಿನ ಸಾಲೂ 08-07ರದೇ. ಒಂದೇ ದಿನ ಎರಡು ವ್ಯವಹಾರ ನಡೆಯುವುದು ಸಹಜ. ಶಿಲ್ಕೂ ತಾಳೆ, ಕ್ರಮವೂ ಸರಿ, ತಾರೀಖು ಮಾತ್ರ ತಪ್ಪು. ವಿವರದ ಕಾಲಂ ಮತ್ತು ಚೆಕ್ ಸಂಖ್ಯೆಯ ಪಾಡೂ ಇದೇ. ಇವನ್ನು ಕಣ್ಣಿಟ್ಟು, ಚಿತ್ರದ ಪಕ್ಕ ಹಾಳೆ ಇಟ್ಟುಕೊಂಡೇ ಓದಬೇಕು. ನಾನು ಸಾಲುಗಳನ್ನು ಕೂಗುತ್ತಾ ಹೋದೆ, ಕಾರ್ಯದರ್ಶಿಯವರು ಫೋನಿನ ಆ ಕಡೆ ಪಾಸ್‌ಬುಕ್ಕಿನ ಮೇಲೆ ಬೆರಳಿಟ್ಟು ಹೂಂಗುಟ್ಟಿದರು.

ನಾಲ್ಕೂ ತಿದ್ದಿದ ಮೇಲೆ ವ್ಯತ್ಯಾಸದ ಕಾಲಂ ಉದ್ದಕ್ಕೂ ಸೊನ್ನೆ. ಮೊತ್ತಗಳನ್ನು ಒಟ್ಟುಗೂಡಿಸಿಯೂ ನೋಡಿದೆವು: 12,480.50ಕ್ಕೆ ಜಮಾ 8,660 ಕೂಡಿಸಿ, ತೆಗೆದ 7,067.70 ಕಳೆದರೆ 14,072.80. "ಪುಟ ತಿರುಗಿಸಿ, ಮೇಲೆ ಬಿ/ಎಫ್ ಎಷ್ಟಿದೆ ಓದಿ," ಎಂದೆ. ಹಾಳೆ ಸರಿದ ಸದ್ದು ಕೇಳಿಸಿತು. "ಹದಿನಾಲ್ಕು ಸಾವಿರದ ಎಪ್ಪತ್ತೆರಡು ರೂಪಾಯಿ, ಎಂಬತ್ತು ಪೈಸೆ ಸರ್."