ಮಲೆನಾಡಿನ ಅಂಚು ಎಲ್ಲಿ? ಖಾಲಿ ನಕ್ಷೆ ಮತ್ತು ಉತ್ತರದ ಹಾಳೆ

ಕರ್ನಾಟಕದ ಪ್ರಾಕೃತಿಕ ವಿಭಾಗಗಳ ಪಾಠ ಮಾಡಿ ಬಂದ ಮೇಲೆ ನನ್ನ ಟಿಪ್ಪಣಿಯನ್ನು ಪೆನ್ಸಿಲ್ ಹಿಡಿದು ಮತ್ತೊಮ್ಮೆ ಓದುತ್ತೇನೆ. ‘ಆಗುಂಬೆ ಘಟ್ಟದ ಅಂಚಿನಲ್ಲಿದೆ’ ಎಂಬ ಮಾತು ನಕ್ಷೆಯಲ್ಲಿ ಒಂದು ಚುಕ್ಕೆ. ‘ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರುತ್ತವೆ’ ಎಂಬುದು ಗೆರೆ. ‘ಕರಾವಳಿ, ಮಲೆನಾಡು, ಬಯಲುಸೀಮೆ’ ಎಂಬುದು ಹರವು. ಪ್ರತಿ ವಾಕ್ಯದ ಪಕ್ಕದಲ್ಲಿ ಹೀಗೆ ಗುರುತು ಹಾಕಿದರೆ ಅಭ್ಯಾಸದ ಅರ್ಧ ಕೆಲಸ ಮುಗಿದಂತೆ. ಏಕೆಂದರೆ ಈ ಮೂರನ್ನೂ ಕೇಳುವ ರೀತಿ ಬೇರೆ, ತಿದ್ದುವ ರೀತಿಯೂ ಬೇರೆ.

ಮೊದಲು ಅಳತೆ ನಿಶ್ಚಯಿಸಬೇಕು. ನಮ್ಮ ರಾಜ್ಯ ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿ.ಮೀ. ಉದ್ದವಿದೆ. ಎ4 ಹಾಳೆಯಲ್ಲಿ ಅದನ್ನು 25 ಸೆಂ.ಮೀ.ಗೆ ತಂದರೆ ಒಂದು ಸೆಂ.ಮೀ. ಎಂದರೆ 30 ಕಿ.ಮೀ. ಈ ಲೆಕ್ಕ ತಲೆಯಲ್ಲಿದ್ದರೆ ಏನು ಕೇಳಬಹುದು, ಏನು ಕೇಳಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಕರಾವಳಿ ಕೆಲವೆಡೆ ಹನ್ನೆರಡು ಹದಿಮೂರು ಕಿ.ಮೀ. ಅಗಲವಷ್ಟೇ ಇದೆ, ನಕ್ಷೆಯಲ್ಲಿ ಅದು ನಾಲ್ಕು ಮಿ.ಮೀ.ನ ಪಟ್ಟಿ. ಕಾರವಾರದ ಬಳಿ ಬೆಟ್ಟಗಳು ಕಡಲಿಗೇ ಬಂದು ನಿಲ್ಲುವುದರಿಂದ ಅಷ್ಟೂ ಉಳಿಯುವುದಿಲ್ಲ. ಅಲ್ಲಿ ಹೆಸರು ಬರೆಯಲು ಜಾಗವೆಲ್ಲಿ? ಹಾಗಾಗಿ ಉಡುಪಿ, ಮಂಗಳೂರಿನಂಥ ಊರುಗಳಿಗೆ ಅರಬ್ಬಿ ಸಮುದ್ರದ ಖಾಲಿ ಜಾಗದಲ್ಲಿ ಅಂಕಿ ಬರೆದು ತೆಳು ಗೆರೆ ಎಳೆದು ಕೊಡುತ್ತೇನೆ. ಅಂಕಿಯ ಎದುರು ಮಗು ಹೆಸರು ಬರೆಯಬೇಕು. ಇನ್ನೊಂದು ಹಾಳೆಯಲ್ಲಿ ಇದು ತಿರುಗುಮುರುಗು: ಹೆಸರುಗಳ ಪಟ್ಟಿ ನನ್ನದು, ಚುಕ್ಕೆ ಇಡುವುದು ಮಗುವಿನ ಕೆಲಸ. ಎರಡನೆಯದೇ ಕಷ್ಟ. ಅದಕ್ಕೆ ಆಸರೆಯಾಗಿ ಚೌಕಟ್ಟಿನ ಮೇಲೆ 12, 14, 16, 18 ಡಿಗ್ರಿ ಅಕ್ಷಾಂಶಗಳನ್ನು ಗುರುತಿಸಿರುತ್ತೇನೆ.

ಉತ್ತರದ ಹಾಳೆಗೆ ಓಎಚ್‌ಪಿ ಶೀಟಾಗಲಿ ಟ್ರೇಸಿಂಗ್ ಪೇಪರಾಗಲಿ ಸಾಕು. ಮೂಲ ನಕ್ಷೆಯ ನಾಲ್ಕು ಮೂಲೆಗಳಲ್ಲಿ ಸಣ್ಣ ಕೂಡು ಗುರುತು ಹಾಕಿ, ಅವನ್ನೇ ಮೇಲಿನ ಹಾಳೆಗೂ ಇಳಿಸಿಕೊಳ್ಳಬೇಕು. ಊರುಗಳಿಗೆ ಚುಕ್ಕೆ ಇಡದೆ ಐದು ಮಿ.ಮೀ. ತ್ರಿಜ್ಯದ ವೃತ್ತ ಬರೆಯುತ್ತೇನೆ. ಅಂದರೆ ಸುತ್ತ 15 ಕಿ.ಮೀ.ನ ವಿನಾಯಿತಿ. ಆಗುಂಬೆ ಕಡಲಿನಿಂದ ನೇರ ಗೆರೆಯಲ್ಲಿ ಸುಮಾರು 40 ಕಿ.ಮೀ. ಒಳಗಿದೆ. ಆದ್ದರಿಂದ ಅದನ್ನು ದಡದಲ್ಲಿಟ್ಟ ಮಗುವಿನ ಚುಕ್ಕೆ ವೃತ್ತದ ಹೊರಗೇ ಬೀಳುತ್ತದೆ. ‘ತುಂಬ ಮಳೆ’ ಎಂಬುದು ಆ ಮಗುವಿಗೆ ನೆನಪಿದೆ, ಮೋಡ ಘಟ್ಟವನ್ನು ಏರುವುದರಿಂದ ಆ ಮಳೆ ಎಂಬುದು ಮನಸ್ಸಿಗೆ ಇಳಿದಿಲ್ಲ ಎಂದು ನನಗೆ ತಿಳಿಯುವುದು ಅಲ್ಲಿಯೇ.

ಒಂದು ವರ್ಷ ಇಡೀ ತರಗತಿಯೇ ಬೀದರನ್ನು ತಪ್ಪಾಗಿ ಗುರುತಿಸಿದಂತೆ ಕಂಡಿತು. ಕೊನೆಗೆ ಸ್ಕೇಲ್ ಇಟ್ಟು ನೋಡಿದರೆ ತಪ್ಪು ಮಕ್ಕಳದಲ್ಲ, ನನ್ನದು. ಮುದ್ರಿಸುವಾಗ `Actual size` ಆರಿಸದೆ `Fit` ಬಿಟ್ಟಿದ್ದೆ. ನಕ್ಷೆ ನೂರಕ್ಕೆ 97ರಷ್ಟಾಗಿ ಕುಗ್ಗಿತ್ತು. ದಕ್ಷಿಣದ ತುದಿ ಹೊಂದಿಸಿಟ್ಟರೆ ಉತ್ತರದ ತುದಿಯಲ್ಲಿ ಏಳೂವರೆ ಮಿ.ಮೀ. ವ್ಯತ್ಯಾಸ. ಸರಿಯಾದ ಚುಕ್ಕೆಯನ್ನೂ ವೃತ್ತದಿಂದ ಹೊರಗೆ ತಳ್ಳಲು ಅಷ್ಟು ಸಾಕು. ಅಂದಿನಿಂದ ನಕ್ಷೆಯ ಕೆಳಗೆ ಸರಿಯಾಗಿ 10 ಸೆಂ.ಮೀ. ಉದ್ದದ ಗೆರೆ ಎಳೆದಿರುತ್ತೇನೆ. ಜೆರಾಕ್ಸ್ ಬಂದ ಕೂಡಲೇ ಅದನ್ನು ಅಳೆದು ನೋಡುವುದು ಮೊದಲ ಕೆಲಸ.

ನದಿಗಳಿಗೆ ಹರಿವಿನ ಬಾಣವನ್ನೂ ಕೇಳಬೇಕು, ಬರಿಯ ಗೆರೆ ಸಾಲದು. ಶರಾವತಿ ಪಡುವಣ ಕಡಲಿಗೆ ಇಳಿಯುತ್ತದೆ, ಅದೇ ಮಲೆನಾಡಿನ ತುಂಗೆ ಮೂಡಣಕ್ಕೆ ಹೋಗುತ್ತದೆ. ತುಂಗಭದ್ರೆಯನ್ನು ರಾಜ್ಯದೊಳಗೇ ಕೃಷ್ಣೆಗೆ ಸೇರಿಸಿಬಿಡುವ ತಪ್ಪು ಪ್ರತಿ ವರ್ಷವೂ ಕಾಣುತ್ತದೆ. ನಮ್ಮ ಗಡಿ ದಾಟಿದ ಮೇಲೆ ಆ ಸಂಗಮವಾಗುವುದರಿಂದ ಉತ್ತರದ ಹಾಳೆಯಲ್ಲಿ ಗೆರೆ ಗಡಿಯಾಚೆಗೂ ಸಾಗಬೇಕು.

ಎಲ್ಲಕ್ಕಿಂತ ಕಷ್ಟದ್ದು ಹರವು. ಮಲೆನಾಡು ಎಲ್ಲಿ ಮುಗಿಯುತ್ತದೆ? ಧಾರವಾಡ ಜಿಲ್ಲೆಯನ್ನೇ ನೋಡಿ. ಪಶ್ಚಿಮದ ಅಳ್ನಾವರ ಕಾಡಿನ ಸೀಮೆ, ಪೂರ್ವದ ನವಲಗುಂದ ಕರಿಮಣ್ಣಿನ ಬಯಲು. ನಡುವಿನ ಅಂತರ ನಕ್ಷೆಯಲ್ಲಿ ಎರಡು ಸೆಂ.ಮೀ. ಮಾತ್ರ. ಜಿಲ್ಲೆಯ ಗಡಿ ಹಿಡಿದು ಬಣ್ಣ ತುಂಬಿದರೆ ಈ ಎರಡರಲ್ಲಿ ಒಂದು ತಪ್ಪಾಗಲೇಬೇಕು. ಜನರ ಬಾಯಲ್ಲಿ ‘ಅರೆಮಲೆನಾಡು’ ಎಂಬ ಮಾತಿರುವುದೂ ಇದಕ್ಕೇ. ಹಾಗಾಗಿ ಉತ್ತರದ ಹಾಳೆಯಲ್ಲಿ ಮಲೆನಾಡಿನ ಮೂಡಣ ಅಂಚನ್ನು ಒಂದು ಗೆರೆಯಾಗಿ ಬರೆಯದೆ, ಸುಮಾರು ಒಂದು ಸೆಂ.ಮೀ. ಅಗಲದ ಅಡ್ಡಗೀಟಿನ ಪಟ್ಟಿಯಾಗಿ ತೋರಿಸುತ್ತೇನೆ. ಮಗುವಿನ ಗೆರೆ ಆ ಪಟ್ಟಿಯೊಳಗೆ ಎಲ್ಲಿ ಹಾದರೂ ಸರಿ. ತೀರ್ಥಹಳ್ಳಿ, ಕೊಪ್ಪ, ಸಾಗರ ಮಲೆನಾಡಿನ ಒಳಗಿರಬೇಕು; ಚಿತ್ರದುರ್ಗ, ನವಲಗುಂದ ಹೊರಗಿರಬೇಕು. ಮಕ್ಕಳೇ ಶೀಟನ್ನು ಮೇಲಿಟ್ಟು, ತಮ್ಮ ಗೆರೆ ಪಟ್ಟಿ ಬಿಟ್ಟು ಹೋದ ಜಾಗದಲ್ಲಿ ಕೆಂಪು ಪೆನ್ನಿನಿಂದ ಹತ್ತಿರದ ಊರಿನ ಹೆಸರು ಬರೆಯುತ್ತಾರೆ. ಮರುದಿನದ ಪಾಠವನ್ನು ನಾನು ಆ ಊರುಗಳಿಂದಲೇ ಶುರುಮಾಡುತ್ತೇನೆ.