ಗೇಟಿನ ಮುಂದಿನ ಕಾರಿಗೊಂದು ಮೆಸೇಜು

ಬೆಳಿಗ್ಗೆ ಆರೂವರೆ. ಏಳು ಗಂಟೆಗೆಲ್ಲ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಗೇಟು ತೆಗೆದರೆ ಅಡ್ಡಲಾಗಿ ಪಕ್ಕದ ಮನೆಯವರ ಕಾರು ನಿಂತಿದೆ. ನಿಂತಲ್ಲೇ ವಾಟ್ಸಾಪ್ ತೆರೆದು ಟೈಪ್ ಮಾಡಿದೆ: ‘ಸರ್, ನಮ್ಮ ಮನೆ ಮುಂದೆ ಕಾರ್ ನಿಲ್ಲಿಸಬೇಡಿ ಅಂತ ಎಷ್ಟು ಸಲ ಹೇಳೋದು? ದಯವಿಟ್ಟು ಇನ್ನು ಮುಂದೆ ನಿಲ್ಲಿಸಬೇಡಿ.’

ಕಳಿಸುವ ಮುನ್ನ ಹೊಳೆಯಿತು, ನಾನು ಅವರಿಗೆ ಒಂದು ಸಲವೂ ಹೇಳಿರಲಿಲ್ಲ. ಹೇಳಿದ್ದೆಲ್ಲ ಮನಸ್ಸಿನೊಳಗೆ, ಹಲ್ಲು ಕಚ್ಚಿಕೊಂಡು. ಮೆಸೇಜು ಅಳಿಸಿ ಫೋನ್ ಮಾಡಿದೆ. ಅವರು ಬನಿಯನ್ನಿನಲ್ಲೇ ಬಂದು ಕಾರು ತೆಗೆದರು. ದಾರಿ ಸಿಗದೆ ನಿಂತ ಹೊತ್ತಿನಲ್ಲಿ ಬೇಕಾದದ್ದು ಫೋನು. ಬುದ್ಧಿ ಹೇಳುವ ಮೆಸೇಜಿಗೆ ಅದು ಸಮಯವಲ್ಲ. ಅದನ್ನು ಸಂಜೆ, ಕಾಫಿ ಕುಡಿದ ಮೇಲೆ ಬರೆಯಬೇಕು.

ಬರೆಯುವ ಮೊದಲು ನಮಗೆ ಕೇಳುವ ಹಕ್ಕು ಎಷ್ಟಿದೆ ಎಂದು ನೋಡಿಕೊಳ್ಳಬೇಕು. ಮನೆ ನಮ್ಮದಾದರೂ ಮುಂದಿನ ರಸ್ತೆ ನಮ್ಮದಲ್ಲ. ಕಾಂಪೌಂಡಿಗೆ ‘ನೋ ಪಾರ್ಕಿಂಗ್’ ಬೋರ್ಡು ತೂಗುಹಾಕಿದರೂ, ಹೂಕುಂಡ ಸಾಲಾಗಿ ಇಟ್ಟರೂ ಅದು ನಮ್ಮದಾಗುವುದಿಲ್ಲ. ಆದರೆ ಯಾವುದೇ ಆಸ್ತಿಯ ಪ್ರವೇಶದ್ವಾರಕ್ಕೆ ಅಡ್ಡವಾಗಿ ವಾಹನ ನಿಲ್ಲಿಸುವಂತಿಲ್ಲ ಎಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುತ್ತವೆ. ಅಂದರೆ ನಾವು ಕೇಳಬಹುದಾದದ್ದು ಗೇಟಿನ ಅಗಲ, ಜೊತೆಗೆ ಕಾರು ತಿರುಗಿಸಲು ಒಂದಿಷ್ಟು ಜಾಗ. ‘ನಮ್ಮ ಮನೆ ಮುಂದೆ’ ಎಂದು ಬರೆದರೆ ‘ರಸ್ತೆ ನಿಮ್ಮಪ್ಪಂದಾ?’ ಎಂಬ ಉತ್ತರವನ್ನು ನಾವೇ ಕರೆದಂತೆ. ‘ಗೇಟಿಗೆ ಅಡ್ಡ’ ಎಂದರೆ ಆ ಮಾತಿಗೆ ಎಡೆಯಿಲ್ಲ.

ನಾನು ಟೇಪು ಹಿಡಿದು ಅಳೆದೇಬಿಟ್ಟೆ. ನಮ್ಮದು 30–40ರ ಸೈಟು, ರಸ್ತೆಯ ಕಡೆ 30 ಅಡಿ. ಒಂದು ಮೂಲೆಯಲ್ಲಿ 10 ಅಡಿಯ ಗೇಟು. ಉಳಿದದ್ದು 20 ಅಡಿ ಕಾಂಪೌಂಡು. ಅವರ ಸಣ್ಣ ಕಾರಿನ ಉದ್ದ 13 ಅಡಿಯ ಆಸುಪಾಸು. ಗೇಟಿನ ಕಂಬದಿಂದ ನಾಲ್ಕಡಿ ಬಿಟ್ಟು ನಿಲ್ಲಿಸಿದರೂ ಕಾರು ನಮ್ಮ ಕಾಂಪೌಂಡಿನ ಉದ್ದದಲ್ಲೇ ಹಿಡಿಸುತ್ತದೆ. ಅಂದಮೇಲೆ ನಾನು ‘ನಿಲ್ಲಿಸಬೇಡಿ’ ಎನ್ನಬೇಕಾಗಿಯೇ ಇರಲಿಲ್ಲ. ‘ಸ್ವಲ್ಪ ಮುಂದಕ್ಕೆ’ ಎಂದರೆ ಸಾಕಿತ್ತು.

ಇನ್ನು ಮಾತಿನ ವಿಷಯ. ‘ದಯವಿಟ್ಟು’ ನಮಗೆ ವಿನಯದ ಪದವೆನಿಸುತ್ತದೆ. ಆದರೆ ಪಕ್ಕದ ಮನೆಯವರ ಹತ್ತಿರ ಸಕ್ಕರೆ ಕೇಳುವಾಗ ಯಾರೂ ಅದನ್ನು ಬಳಸುವುದಿಲ್ಲ. ಅದು ಬೋರ್ಡಿನ ಮೇಲಿನ ಪದ, ‘ದಯವಿಟ್ಟು ಚಪ್ಪಲಿ ಹೊರಗೆ ಬಿಡಿ’ ಎಂಬ ದನಿಯದು. ನೆರೆಹೊರೆಯಲ್ಲಿ ಆ ಕೆಲಸ ಮಾಡುವುದು ‘ಸ್ವಲ್ಪ’, ‘ಆಗುತ್ತಾ’, ‘ಬೇಜಾರು ಮಾಡ್ಕೋಬೇಡಿ’. ಇನ್ನೊಂದು ಅನುಕೂಲವೂ ನಮ್ಮ ಭಾಷೆಯಲ್ಲಿದೆ. ‘ನೀವು ಕಾರು ನಿಲ್ಲಿಸಿದ್ರಿ’ ಎಂದರೆ ಬೆರಳು ಅವರತ್ತ ತಿರುಗುತ್ತದೆ, ‘ಕಾರು ನಿಂತಿತ್ತು’ ಎಂದರೆ ಕಾರಷ್ಟೇ ಕಾಣುತ್ತದೆ. ಅಂದು ಸಂಜೆ ನಾನು ಕಳಿಸಿದ್ದು ಇದು:

‘ನಮಸ್ಕಾರ ಸರ್. ಬೆಳಿಗ್ಗೆ ನಿದ್ದೆ ಕೆಡಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಅಮ್ಮನಿಗೆ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆ ಇರುತ್ತೆ. ಇವತ್ತು ಕಾರು ಗೇಟಿಗೆ ಅಡ್ಡ ನಿಂತಿತ್ತು, ಹೊರಡೋದು ತಡವಾಯ್ತು. ರಾತ್ರಿ ನಿಲ್ಲಿಸುವಾಗ ಗೇಟಿನ ಕಂಬದಿಂದ ನಾಲ್ಕಡಿ ಮುಂದಕ್ಕೆ ತಗೊಳ್ಳೋಕೆ ಆಗುತ್ತಾ? ನಮ್ಮ ಕಾಂಪೌಂಡ್ ಪಕ್ಕ ನಿಲ್ಲಿಸೋದಕ್ಕೆ ಏನೂ ತೊಂದರೆ ಇಲ್ಲ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಅವರ ಕಾರಿಗೂ ಜಾಗ ಬೇಕಲ್ಲ! ಆಸ್ಪತ್ರೆಯಂಥ ಕಾರಣವಿಲ್ಲದಿದ್ದರೆ ಸುಳ್ಳು ಕಟ್ಟುವುದು ಬೇಡ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡಬೇಕು ಎಂಬುದೂ ಕಾರಣವೇ.

ಮೆಸೇಜು ಹೋಗಬೇಕಾದದ್ದು ಅವರೊಬ್ಬರಿಗೆ. ಬಡಾವಣೆಯ ಗ್ರೂಪಿಗೆ ‘ಕೆಲವರು ಗೇಟಿನ ಮುಂದೆ ನಿಲ್ಲಿಸುತ್ತಿದ್ದಾರೆ’ ಎಂದು ಹಾಕಿದರೆ ಆ ಕೆಲವರು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ, ಕಾರು ತೆಗೆದರೂ ಮುಖ ಕೊಟ್ಟು ಮಾತಾಡುವುದಿಲ್ಲ. ನಂಬರ್ ಪ್ಲೇಟಿನ ಫೋಟೋ ಜೊತೆಗಿಟ್ಟರೆ ನೀವು ದೂರಿಗೆ ಸಾಕ್ಷಿ ಕೂಡಿಸುತ್ತಿದ್ದೀರಿ ಎಂದು ಅವರು ತಿಳಿಯುತ್ತಾರೆ.

ನಮ್ಮವರು ‘ಓಕೆ ಸರ್’ ಎಂದರು. ಎರಡು ವಾರದ ಮೇಲೆ ಮತ್ತೆ ಅಡ್ಡ. ಅವರ ಅಳಿಯ ಬಂದಿದ್ದನಂತೆ, ಅವನಿಗೆ ಯಾರೂ ಹೇಳಿರಲಿಲ್ಲ. ಎರಡನೇ ಸಲ ನಾನು ಬರೆಯಲಿಲ್ಲ, ಹೋಗಿ ಬೆಲ್ ಮಾಡಿ ಹೇಳಿದೆ. ಹೀಗೆ ಎದುರೇ ಹೇಳಿದ ಮೇಲೂ ನಡೆದೇ ಇದ್ದರೆ ಬಡಾವಣೆಯ ಸಂಘದ ಹಿರಿಯರು, ಆಮೇಲೆ ಸಂಚಾರ ಪೊಲೀಸರು. ಟೈರಿನ ಗಾಳಿ ಬಿಡುವುದು ಬೇಡ, ತಪ್ಪು ಆಗ ನಮ್ಮ ಕಡೆಗೆ ಬರುತ್ತದೆ.

ಈಗ ಅವರ ಕಾರು ನಮ್ಮ ಕಾಂಪೌಂಡಿನ ನೆರಳಿನಲ್ಲೇ ನಿಲ್ಲುತ್ತದೆ, ಕಂಬದಿಂದ ನಾಲ್ಕಡಿ ಬಿಟ್ಟು. ಒಮ್ಮೊಮ್ಮೆ ಮೂರಡಿ. ಅಷ್ಟಕ್ಕೆ ನಾನು ಮೆಸೇಜು ಮಾಡುವುದಿಲ್ಲ.